ಮೀನು ಮಾರುಕಟ್ಟೆಯ ಚಿತ್ರಗಳಲ್ಲಿ ಅಷ್ಟಪದಿ, ಸ್ಕ್ವಿಡ್ ಮತ್ತು ಕಟಲ್‌ಫಿಶ್‌ಗಳನ್ನು ಗುರುತಿಸುವ ಕ್ರಮ

ಪೀಠಿಕೆ

ಮಲ್ಪೆ, ಮಂಗಳೂರು, ಕಾರವಾರ ಮೊದಲಾದ ಬಂದರುಗಳಿಂದ ಮಂಜುಗಡ್ಡೆಯಲ್ಲಿ ಇಟ್ಟು ಒಳನಾಡಿಗೆ ಸಾಗಿಸುವ ಮೀನಿನ ಜೊತೆಗೆ ಅಷ್ಟಪದಿ, ಸ್ಕ್ವಿಡ್ ಮತ್ತು ಕಟಲ್‌ಫಿಶ್‌ಗಳೂ ಬರುತ್ತವೆ. ಇವು ಮೀನುಗಳಲ್ಲ, ಬಸವನಹುಳು ಮತ್ತು ಮರುವಾಯಿಗಳಂತೆ ಮೃದ್ವಂಗಿಗಳ ಗುಂಪಿಗೆ ಸೇರಿದ ಪ್ರಾಣಿಗಳು. ತಲೆಗೇ ತೋಳುಗಳು ಅಂಟಿಕೊಂಡಿರುವುದರಿಂದ ಇವುಗಳನ್ನು ಶಿರಪಾದಿಗಳು ಎಂದು ಕರೆಯಲಾಗುತ್ತದೆ.

ಕರಾವಳಿಯಲ್ಲಿ ಸ್ಕ್ವಿಡ್‌ಗೆ ಬೊಂಡಾಸ್ ಎಂದೂ ಕಟಲ್‌ಫಿಶ್‌ಗೆ ಕಪ್ಪೆ ಬೊಂಡಾಸ್ ಎಂದೂ ಹೇಳುವ ರೂಢಿಯಿದೆ. ಆದರೆ ವ್ಯವಹಾರದ ಮಾತಿನಲ್ಲಿ ‘ಕಪ್ಪೆ’ ಎಂಬ ಪದ ಬಿಟ್ಟುಹೋಗಿ ಎರಡೂ ಬೊಂಡಾಸ್ ಆಗಿಬಿಡುವುದುಂಟು. ಮೊಬೈಲಿನಲ್ಲಿ ಚಿತ್ರ ನೋಡಿ ದರ ಒಪ್ಪಿಕೊಳ್ಳುವ ಇಂದಿನ ದಿನಗಳಲ್ಲಿ ಇದರಿಂದ ನಷ್ಟವಾಗುತ್ತದೆ. ಸ್ಕ್ವಿಡ್ ಎಂದು ಕೊಂಡ ಪೆಟ್ಟಿಗೆಯಲ್ಲಿ ಕಟಲ್‌ಫಿಶ್ ಬಂದರೆ ತೂಕದಲ್ಲಿ ಗಟ್ಟಿಯಾದ ಒಳಚಿಪ್ಪು ಮತ್ತು ದೊಡ್ಡ ಮಸಿಚೀಲಗಳೂ ಸೇರಿರುತ್ತವೆ. ಇವೆರಡನ್ನೂ ಶುಚಿಗೊಳಿಸುವಾಗ ತೆಗೆದುಹಾಕಬೇಕಾಗುತ್ತದೆ. ಉಂಗುರಗಳಾಗಿ ಕತ್ತರಿಸಿ ಮಾರಲು ಬೇಕಾದ ಕೊಳವೆಯಾಕಾರದ ಮಾಂಸವೂ ಅದರಲ್ಲಿ ದೊರೆಯುವುದಿಲ್ಲ. ಆದ್ದರಿಂದ ಚಿತ್ರವೊಂದನ್ನು ಕಂಡಾಗ ಯಾವ ಕ್ರಮದಲ್ಲಿ ಏನನ್ನು ನೋಡಬೇಕು, ಎಲ್ಲಿ ಕಣ್ಣು ಮೋಸಹೋಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಗೊಂದಲವನ್ನು ತಪ್ಪಿಸುವ ಸಲುವಾಗಿ ಈ ಲೇಖನದಲ್ಲಿ ಬೊಂಡಾಸ್ ಎಂಬ ಪದವನ್ನು ಬಿಟ್ಟು ಸ್ಕ್ವಿಡ್ ಮತ್ತು ಕಟಲ್‌ಫಿಶ್ ಎಂಬ ಹೆಸರುಗಳನ್ನೇ ಬಳಸಲಾಗಿದೆ.

ತೋಳುಗಳ ಎಣಿಕೆಯಿಂದ ಆರಂಭಿಸಬಾರದು

ಅಷ್ಟಪದಿಗೆ ಎಂಟು ತೋಳುಗಳು. ಸ್ಕ್ವಿಡ್ ಮತ್ತು ಕಟಲ್‌ಫಿಶ್‌ಗಳಿಗೆ ಎಂಟು ತೋಳುಗಳ ಜೊತೆಗೆ ಬೇಟೆಯನ್ನು ಹಿಡಿಯುವ ಎರಡು ಉದ್ದನೆಯ ಗ್ರಹಣಾಂಗಗಳು. ಪಠ್ಯಪುಸ್ತಕದ ಈ ವ್ಯತ್ಯಾಸ ಸರಿಯಾದುದೇ. ಆದರೆ ಮಾರುಕಟ್ಟೆಯ ಚಿತ್ರಕ್ಕೆ ಇದನ್ನು ಮೊದಲ ಲಕ್ಷಣವಾಗಿ ಬಳಸಿದರೆ ತಪ್ಪಾಗುವ ಸಂಭವ ಹೆಚ್ಚು.

ಇದಕ್ಕೆ ಕಾರಣ ಕಟಲ್‌ಫಿಶ್‌ನ ದೇಹರಚನೆಯಲ್ಲಿದೆ. ಕಟಲ್‌ಫಿಶ್ ತನ್ನ ಎರಡು ಗ್ರಹಣಾಂಗಗಳನ್ನು ಕಣ್ಣಿನ ಕೆಳಭಾಗದಲ್ಲಿರುವ ಚೀಲಗಳೊಳಗೆ ಸಂಪೂರ್ಣವಾಗಿ ಎಳೆದುಕೊಳ್ಳಬಲ್ಲದು. ಸತ್ತ ಪ್ರಾಣಿಯಲ್ಲಿ ಅವು ಅನೇಕ ವೇಳೆ ಒಳಗೇ ಉಳಿದಿರುತ್ತವೆ. ಆಗ ಚಿತ್ರದಲ್ಲಿ ಕಾಣುವುದು ಎಂಟೇ ತೋಳುಗಳು. ಸ್ಕ್ವಿಡ್‌ನ ಗ್ರಹಣಾಂಗಗಳು ಕುಗ್ಗುತ್ತವೆಯಾದರೂ ಹಾಗೆ ಪೂರ್ತಿಯಾಗಿ ಚೀಲದೊಳಗೆ ಅಡಗುವುದಿಲ್ಲ. ಆದರೆ ಬಲೆಯಲ್ಲಿ ಸಿಕ್ಕಿ ಎಳೆಯಲ್ಪಟ್ಟಾಗ ಅವು ತುಂಡಾಗಬಹುದು, ಇಲ್ಲವೇ ಮಂಜುಗಡ್ಡೆಯ ಪುಡಿಯಡಿ ಮುಚ್ಚಿಹೋಗಬಹುದು. ಹೀಗಾಗಿ ‘ಎಂಟು ಎಣಿಸಿದೆ, ಆದ್ದರಿಂದ ಅಷ್ಟಪದಿ’ ಎಂಬ ತೀರ್ಮಾನವು ಸಲ್ಲದು. ಹತ್ತು ಕಂಡರೆ ಅಷ್ಟಪದಿಯಲ್ಲ ಎಂದು ಖಚಿತವಾಗಿ ಹೇಳಬಹುದು. ಎಂಟು ಕಂಡರೆ ಮಾತ್ರ ಏನನ್ನೂ ಹೇಳಲಾಗದು.

ಆದ್ದರಿಂದ ಮೊದಲು ಮುಂಡದ ಆಕಾರ, ಅನಂತರ ಈಜುರೆಕ್ಕೆ, ಕೊನೆಯಲ್ಲಿ ತೋಳುಗಳು ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

ಮೊದಲ ನೋಟ: ಮುಂಡದ ಆಕಾರ

ತಲೆಯ ಹಿಂಭಾಗದಲ್ಲಿ ಕರುಳು, ಕಿವಿರು, ಮಸಿಚೀಲಗಳನ್ನು ಒಳಗೊಂಡ ಮಾಂಸಲ ಹೊದಿಕೆಯನ್ನು ಇಲ್ಲಿ ಮುಂಡ ಎಂದು ಕರೆಯಲಾಗಿದೆ. ಮೂರು ಪ್ರಾಣಿಗಳಲ್ಲಿಯೂ ಮುಂಡದ ಆಕಾರ ಬೇರೆ ಬೇರೆ. ಆ ಆಕಾರವನ್ನು ನಿರ್ಧರಿಸುವುದು ಒಳಗಿರುವ ಆಧಾರ.

ಸ್ಕ್ವಿಡ್‌ನ ಮುಂಡವು ಉದ್ದನೆಯ ಕೊಳವೆಯಂತಿದ್ದು ಹಿಂದಕ್ಕೆ ಹೋದಂತೆ ಚೂಪಾಗುತ್ತದೆ. ಒಳಗೆ ಬೆನ್ನಿನ ಉದ್ದಕ್ಕೂ ತೆಳುವಾದ, ಪ್ಲಾಸ್ಟಿಕ್ ಪಟ್ಟಿಯಂತೆ ಕಾಣುವ ಪಾರದರ್ಶಕ ಕಡ್ಡಿಯೊಂದು ಮಾತ್ರ ಇರುತ್ತದೆ. ಅದು ಬಾಗುವ ವಸ್ತು. ಹೀಗಾಗಿ ತಟ್ಟೆಯ ಅಂಚಿನ ಮೇಲೆ ಬಿದ್ದಿರುವ ಸ್ಕ್ವಿಡ್ ಜೋತು ಬಿದ್ದಿರುವುದನ್ನು ಚಿತ್ರದಲ್ಲಿಯೂ ಕಾಣಬಹುದು.

ಕಟಲ್‌ಫಿಶ್‌ನ ಮುಂಡವು ಅಗಲವಾಗಿ, ಮೇಲಿನಿಂದ ಕೆಳಕ್ಕೆ ಚಪ್ಪಟೆಯಾಗಿ, ಹೆಚ್ಚುಕಡಿಮೆ ಮೊಟ್ಟೆಯಾಕಾರದಲ್ಲಿರುತ್ತದೆ. ಬೆನ್ನಿನ ಚರ್ಮದಡಿಯಲ್ಲಿ ಸುಣ್ಣದಿಂದಾದ ದಪ್ಪ ಒಳಚಿಪ್ಪು ಇದೆ. ಕಡಲತೀರದಲ್ಲಿ ತೇಲಿ ಬರುವ, ಪಂಜರದ ಹಕ್ಕಿಗಳಿಗೆ ಸುಣ್ಣದಂಶಕ್ಕಾಗಿ ಕೊಡುವ, ಆಯುರ್ವೇದದಲ್ಲಿ ಸಮುದ್ರಫೇನವೆಂದು ಹೆಸರಾದ ಬಿಳಿಯ ವಸ್ತುವೇ ಇದು. ಈ ಚಿಪ್ಪಿನ ಕಾರಣದಿಂದ ಕಟಲ್‌ಫಿಶ್‌ನ ಬೆನ್ನು ಬಿಗಿಯಾಗಿ, ಸ್ವಲ್ಪ ಉಬ್ಬಿದಂತೆ ನಿಲ್ಲುತ್ತದೆ. ತಟ್ಟೆಯ ಅಂಚಿನ ಮೇಲಿಟ್ಟರೂ ಬಾಗುವುದಿಲ್ಲ.

ಅಷ್ಟಪದಿಯ ಮುಂಡವು ಗುಂಡಗಿನ ಮೆತ್ತನೆಯ ಚೀಲ. ಒಳಗೆ ಆಕಾರವನ್ನು ಹಿಡಿದಿಡುವ ಚಿಪ್ಪಾಗಲಿ ಕಡ್ಡಿಯಾಗಲಿ ಇಲ್ಲದ ಕಾರಣ ಅದು ಇಟ್ಟ ಜಾಗಕ್ಕೆ ತಕ್ಕಂತೆ ಕುಸಿಯುತ್ತದೆ. ಈ ಚೀಲವನ್ನೇ ‘ತಲೆ’ ಎಂದು ತಿಳಿಯುವವರು ಹಲವರು. ತಲೆ ಇರುವುದು ಚೀಲ ಮತ್ತು ತೋಳುಗಳ ನಡುವಿನ ಕಿರಿದಾದ ಭಾಗದಲ್ಲಿ. ಕಣ್ಣುಗಳು ಅಲ್ಲಿಯೇ ಇರುತ್ತವೆ. ಚಿತ್ರದಲ್ಲಿ ಕಣ್ಣುಗಳನ್ನು ಗುರುತಿಸಿಕೊಂಡು, ಅಲ್ಲಿಂದ ಒಂದು ಕಡೆಗೆ ಮುಂಡವೆಷ್ಟು, ಮತ್ತೊಂದು ಕಡೆಗೆ ತೋಳುಗಳೆಷ್ಟು ಎಂದು ಅಳೆದು ನೋಡಬೇಕು. ನಮ್ಮ ಮಾರುಕಟ್ಟೆಗೆ ಬರುವ ಸಾಮಾನ್ಯ ಅಷ್ಟಪದಿಗಳಲ್ಲಿ ತೋಳುಗಳು ಮುಂಡಕ್ಕಿಂತ ಎರಡು ಮೂರು ಪಟ್ಟು ಉದ್ದವಾಗಿರುತ್ತವೆ. ಸ್ಕ್ವಿಡ್ ಮತ್ತು ಕಟಲ್‌ಫಿಶ್‌ಗಳಲ್ಲಿ ಇದು ತಿರುಗುಮುರುಗು: ಮುಂಡವೇ ದೊಡ್ಡದು, ತೋಳುಗಳು ಅದಕ್ಕಿಂತ ಗಿಡ್ಡ.

ಎರಡನೆಯ ನೋಟ: ಈಜುರೆಕ್ಕೆಗಳು

ಚಿತ್ರದಲ್ಲಿ ಅತ್ಯಂತ ಹೆಚ್ಚು ಭರವಸೆ ಇಡಬಹುದಾದ ಲಕ್ಷಣ ಇದು. ನಮ್ಮ ಮಾರುಕಟ್ಟೆಗೆ ಬರುವ ಅಷ್ಟಪದಿಗಳಿಗೆ ಈಜುರೆಕ್ಕೆ ಇರುವುದಿಲ್ಲ. ಆದುದರಿಂದ ಮುಂಡದ ಅಂಚಿನಲ್ಲಿ ರೆಕ್ಕೆಯ ಕುರುಹು ಕಂಡರೆ ತೋಳುಗಳು ಎಷ್ಟೇ ಕಾಣಲಿ, ಅದು ಅಷ್ಟಪದಿಯಲ್ಲ.

ರೆಕ್ಕೆ ಕಂಡ ಮೇಲೆ, ಅದು ಮುಂಡದ ಯಾವ ಭಾಗದಲ್ಲಿದೆ ಎಂದು ನೋಡಬೇಕು. ಕರ್ನಾಟಕದ ಕರಾವಳಿಯಲ್ಲಿ ಸಾಮಾನ್ಯವಾಗಿ ದೊರೆಯುವ ಭಾರತೀಯ ಸ್ಕ್ವಿಡ್‌ನಲ್ಲಿ ಎರಡು ರೆಕ್ಕೆಗಳು ಮುಂಡದ ಹಿಂಭಾಗದಲ್ಲಿ ಕೂಡಿಕೊಂಡು, ಮೇಲಿನಿಂದ ನೋಡಿದಾಗ ಗಾಳಿಪಟದ ಆಕಾರವನ್ನು ತಾಳುತ್ತವೆ. ಬೆಳೆದ ಪ್ರಾಣಿಯಲ್ಲಿ ಇವು ಮುಂಡದ ಹಿಂಬದಿಯ ಸುಮಾರು ಅರ್ಧಭಾಗವನ್ನು ಆವರಿಸುತ್ತವೆ. ಎಳೆಯವುಗಳಲ್ಲಿ ಇನ್ನೂ ಕಡಿಮೆ. ತಲೆಯ ಕಡೆಯ ಭಾಗವು ರೆಕ್ಕೆಯಿಲ್ಲದ ಬರಿಯ ಕೊಳವೆ.

ಕಟಲ್‌ಫಿಶ್‌ನಲ್ಲಿ ರೆಕ್ಕೆಯು ಸೀರೆಯ ಅಂಚಿನಂತೆ ಕಿರಿದಾದ ಪಟ್ಟಿ. ಅದು ಮುಂಡದ ಎರಡೂ ಬದಿಗಳಲ್ಲಿ ಮುಂಭಾಗದಿಂದ ಹಿಂಭಾಗದವರೆಗೆ ಹೆಚ್ಚುಕಡಿಮೆ ಪೂರ್ಣ ಉದ್ದಕ್ಕೆ ಸಾಗುತ್ತದೆ. ಬಾಲದ ತುದಿಯಲ್ಲಿ ಎಡಗಡೆಯ ಪಟ್ಟಿ ಮತ್ತು ಬಲಗಡೆಯ ಪಟ್ಟಿ ಒಂದಕ್ಕೊಂದು ಸೇರದೆ, ನಡುವೆ ಸಣ್ಣ ಅಂತರ ಉಳಿಯುತ್ತದೆ. ಈ ಅಂತರವನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಹೇಳುವ ಕಠಿಣ ಸಂದರ್ಭದಲ್ಲಿ ಇದು ನೆರವಾಗುತ್ತದೆ.

ರೆಕ್ಕೆಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಕಟಲ್‌ಫಿಶ್‌ನ ರೆಕ್ಕೆಪಟ್ಟಿ ತೆಳುವಾದುದರಿಂದ ಪ್ರಾಣಿ ನೀರಿನಿಂದ ಹೊರಬಂದ ಮೇಲೆ ಮುಂಡದಡಿಗೆ ಮಡಚಿಕೊಳ್ಳುತ್ತದೆ. ಆಗ ಮೇಲಿನಿಂದ ತೆಗೆದ ಚಿತ್ರದಲ್ಲಿ ರೆಕ್ಕೆಯೇ ಇಲ್ಲದಂತೆ ತೋರಬಹುದು. ಎಂಟು ತೋಳು, ರೆಕ್ಕೆ ಕಾಣದು, ಮುಂಡ ಗುಂಡಗಿದೆ ಎಂದು ಅಷ್ಟಪದಿ ಎಂದುಬಿಡುವ ತಪ್ಪು ಇಲ್ಲಿಯೇ ಆಗುತ್ತದೆ. ಇಂತಹ ಸಂದರ್ಭದಲ್ಲಿ ತೋಳುಗಳ ಉದ್ದವನ್ನು ಮುಂಡದೊಂದಿಗೆ ಹೋಲಿಸಬೇಕು. ತೋಳುಗಳು ಗಿಡ್ಡವಾಗಿದ್ದರೆ ಅಷ್ಟಪದಿ ಎನ್ನಲು ಆಧಾರವಿಲ್ಲ.

ಮೂರನೆಯ ನೋಟ: ತೋಳುಗಳು

ತೋಳುಗಳ ಎಣಿಕೆಗಿಂತ ಅವು ಇರುವ ರೀತಿಯನ್ನು ನೋಡುವುದು ಹೆಚ್ಚು ಪ್ರಯೋಜನಕರ. ಅಷ್ಟಪದಿಯ ಎಂಟು ತೋಳುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಬುಡದಲ್ಲಿ ದಪ್ಪ, ತುದಿಯಲ್ಲಿ ದಾರದಂತೆ ಸಣ್ಣ. ಬುಡಗಳ ನಡುವೆ ಬಾತುಕೋಳಿಯ ಕಾಲ್ಬೆರಳುಗಳ ನಡುವಿನಂತೆ ಚರ್ಮದ ಪೊರೆ ಇರುತ್ತದೆ. ತುದಿಗಳು ಸುರುಳಿ ಸುತ್ತಿಕೊಳ್ಳುತ್ತವೆ. ಹೀರುಬಟ್ಟಲುಗಳು ತೋಳಿನ ಮೇಲೆ ನೇರವಾಗಿ ಕುಳಿತ ಮಾಂಸದ ಬಟ್ಟಲುಗಳಾಗಿದ್ದು, ತೋಳಿನ ಬುಡದಲ್ಲಿ ದೊಡ್ಡದಾಗಿ ಸ್ಪಷ್ಟವಾಗಿ ಕಾಣುತ್ತವೆ.

ಸ್ಕ್ವಿಡ್ ಮತ್ತು ಕಟಲ್‌ಫಿಶ್‌ಗಳ ತೋಳುಗಳು ತಲೆಯ ಮುಂದೆ ಕಟ್ಟಿನಂತೆ ಒಟ್ಟಾಗಿರುತ್ತವೆ. ಅವುಗಳ ಹೀರುಬಟ್ಟಲುಗಳು ಸಣ್ಣ ತೊಟ್ಟಿನ ಮೇಲಿದ್ದು, ಅಂಚಿನಲ್ಲಿ ಗಟ್ಟಿಯಾದ ಉಂಗುರವಿರುತ್ತದೆ. ಸ್ಕ್ವಿಡ್‌ನ ತೋಳನ್ನು ಬೆರಳಿನಿಂದ ಸವರಿದಾಗ ತರಿತರಿಯಾಗಿ ತಾಗುವುದು ಈ ಉಂಗುರದ ಹಲ್ಲುಗಳಿಂದ. ಗ್ರಹಣಾಂಗಗಳು ಹೊರಗೆ ಕಾಣುತ್ತಿದ್ದರೆ ಅವನ್ನು ಗುರುತಿಸುವುದು ಸುಲಭ: ಉಳಿದ ಎಂಟಕ್ಕಿಂತ ಉದ್ದ, ನಡುಭಾಗ ನುಣುಪಾದ ಹಗ್ಗದಂತೆ, ತುದಿ ಮಾತ್ರ ಅಗಲವಾಗಿ ಅಲ್ಲಿಯೇ ಹೀರುಬಟ್ಟಲುಗಳು ಕೂಡಿರುತ್ತವೆ.

ಕಠಿಣ ಸಂದರ್ಭ: ದೊಡ್ಡ ರೆಕ್ಕೆಯ ಸ್ಕ್ವಿಡ್

‘ರೆಕ್ಕೆ ಹಿಂಭಾಗದಲ್ಲಿದ್ದರೆ ಸ್ಕ್ವಿಡ್, ಉದ್ದಕ್ಕೂ ಇದ್ದರೆ ಕಟಲ್‌ಫಿಶ್’ ಎಂಬ ಸೂತ್ರಕ್ಕೆ ಒಂದು ಮುಖ್ಯ ಅಪವಾದವಿದೆ. ದೊಡ್ಡ ರೆಕ್ಕೆಯ ಸ್ಕ್ವಿಡ್ ಎಂಬ ಪ್ರಭೇದದಲ್ಲಿ ರೆಕ್ಕೆಗಳು ಮುಂಡದ ಬಹುತೇಕ ಪೂರ್ಣ ಉದ್ದಕ್ಕೂ ಹರಡಿರುತ್ತವೆ. ವೈಜ್ಞಾನಿಕವಾಗಿ ಇದನ್ನು ಸೆಪಿಯೋಟ್ಯೂಥಿಸ್ ಲೆಸೋನಿಯಾನಾ ಎನ್ನುತ್ತಾರೆ. ಈ ಹೆಸರಿನ ಮೊದಲ ಭಾಗವೇ ಕಟಲ್‌ಫಿಶ್ ಮತ್ತು ಸ್ಕ್ವಿಡ್ ಎರಡನ್ನೂ ನೆನಪಿಸುವಂತಿದೆ. ತಮಿಳುನಾಡಿನ ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಗಳ ಮೀನುಗಾರಿಕೆಯಲ್ಲಿ ಇದು ಚಿರಪರಿಚಿತ. ಆ ಕಡೆಯಿಂದ ಬಂದ ಚಿತ್ರಗಳನ್ನು ನೋಡುವಾಗ ಇದನ್ನು ಮರೆಯುವಂತಿಲ್ಲ.

ಇದನ್ನು ಕಟಲ್‌ಫಿಶ್‌ನಿಂದ ಬೇರ್ಪಡಿಸಲು ಮೂರು ಅಂಶಗಳನ್ನು ನೋಡಬೇಕು. ಮೊದಲನೆಯದಾಗಿ, ರೆಕ್ಕೆ ಕಿರಿದಾದ ಪಟ್ಟಿಯಲ್ಲ. ಮಾಂಸಲವಾಗಿ ಅಗಲವಾಗಿದ್ದು, ಮುಂಡದ ನಡುಭಾಗವನ್ನು ದಾಟಿದ ಮೇಲೆ ಅತ್ಯಂತ ಅಗಲವಾಗುತ್ತದೆ. ಎರಡನೆಯದಾಗಿ, ಎರಡೂ ರೆಕ್ಕೆಗಳು ಬಾಲದ ತುದಿಯಲ್ಲಿ ಕೂಡಿಕೊಳ್ಳುತ್ತವೆ. ಕಟಲ್‌ಫಿಶ್‌ನಲ್ಲಿರುವ ಅಂತರ ಇಲ್ಲಿಲ್ಲ. ಮೂರನೆಯದಾಗಿ, ರೆಕ್ಕೆಯನ್ನು ಮನಸ್ಸಿನಲ್ಲಿ ಬದಿಗಿಟ್ಟು ನೋಡಿದರೆ ಮುಂಡವು ಹಿಂದಕ್ಕೆ ಚೂಪಾಗುವ ಕೊಳವೆಯಾಗಿಯೇ ಇರುತ್ತದೆ. ಒಳಗೆ ಇರುವುದೂ ಪಾರದರ್ಶಕ ಕಡ್ಡಿಯೇ ಹೊರತು ಸುಣ್ಣದ ಚಿಪ್ಪಲ್ಲ.

ಒಂದು ಚಿತ್ರದ ಪರಿಶೀಲನೆ

ಒಳನಾಡಿನ ಸ್ವಸಹಾಯ ಗುಂಪೊಂದಕ್ಕೆ ಬಂದರಿನ ವ್ಯಾಪಾರಿಯಿಂದ ಒಂದು ಚಿತ್ರ ಬಂದಿದೆ ಎಂದು ಭಾವಿಸೋಣ. ತಟ್ಟೆಯೊಂದರಲ್ಲಿ ನಾಲ್ಕು ಪ್ರಾಣಿಗಳಿವೆ. ‘ಎಲ್ಲವೂ ಬೊಂಡಾಸ್, ಒಂದೇ ದರ’ ಎಂದು ಬರೆಯಲಾಗಿದೆ. ಗುಂಪಿನವರು ವಿಸ್ತರಣಾ ಕಾರ್ಯಕರ್ತರ ಸಲಹೆ ಕೇಳಿದ್ದಾರೆ.

ಎಡತುದಿಯಲ್ಲಿರುವ ಪ್ರಾಣಿಯು ಉದ್ದನೆಯ ಕೊಳವೆಯಂತಿದೆ. ಹಿಂದಿನ ಅರ್ಧದಲ್ಲಿ ಗಾಳಿಪಟದಂತಹ ರೆಕ್ಕೆಯಿದ್ದು ಮುಂದಿನ ಅರ್ಧ ಬರಿದಾಗಿದೆ. ಒಂದೇ ಗ್ರಹಣಾಂಗ ಕಾಣುತ್ತಿದೆ, ಮತ್ತೊಂದು ತುಂಡಾಗಿರಬಹುದು. ಆಕಾರ ಮತ್ತು ರೆಕ್ಕೆ ಎರಡೂ ಒಂದೇ ಉತ್ತರವನ್ನು ಹೇಳುತ್ತಿರುವುದರಿಂದ ತೋಳಿನ ಎಣಿಕೆ ಅನವಶ್ಯಕ. ಇದು ಸ್ಕ್ವಿಡ್.

ಎರಡನೆಯದು ಅಗಲವಾಗಿದ್ದು, ಬೆನ್ನಿನ ಮೇಲೆ ಅಡ್ಡಪಟ್ಟೆಗಳಿವೆ. ಎಂಟು ಗಿಡ್ಡ ತೋಳುಗಳು ಮುಂದಕ್ಕೆ ಕೂಡಿವೆ. ರೆಕ್ಕೆ ಮೊದಲ ನೋಟಕ್ಕೆ ಕಾಣುವುದಿಲ್ಲ. ಚಿತ್ರವನ್ನು ಹಿಗ್ಗಿಸಿದಾಗ ಬಲಬದಿಯಲ್ಲಿ ಮುಂಡದಡಿಯಿಂದ ತೆಳುವಾದ ಅಂಚು ಇಣುಕುತ್ತಿದೆ. ತೋಳುಗಳು ಮುಂಡಕ್ಕಿಂತ ಗಿಡ್ಡವಾಗಿರುವುದು, ಬೆನ್ನು ಬಿಗಿಯಾಗಿ ಉಬ್ಬಿರುವುದು ಮತ್ತು ಈ ಅಂಚು ಸೇರಿ ಇದು ಕಟಲ್‌ಫಿಶ್ ಎಂದು ತಿಳಿಸುತ್ತವೆ. ಅಡ್ಡಪಟ್ಟೆಗಳು ಫರೋ ಕಟಲ್‌ಫಿಶ್ ಎಂಬ ದೊಡ್ಡ ಜಾತಿಯನ್ನು ಸೂಚಿಸುತ್ತವೆಯಾದರೂ, ಬಣ್ಣವು ಪೂರಕ ಸುಳಿವು ಮಾತ್ರ.

ಮೂರನೆಯದರಲ್ಲಿ ಸುರುಳಿ ಸುತ್ತಿದ ತೋಳುಗಳ ರಾಶಿ, ಒಂದು ಬದಿಗೆ ಕುಸಿದ ಚೀಲ. ಕಣ್ಣುಗಳು ಚೀಲ ಮತ್ತು ತೋಳುಗಳು ಕೂಡುವಲ್ಲಿವೆ. ತೋಳುಗಳು ಚೀಲಕ್ಕಿಂತ ಬಹಳ ಉದ್ದ; ಬುಡದಲ್ಲಿ ಪೊರೆ ಕಾಣುತ್ತದೆ. ಇದು ಅಷ್ಟಪದಿ.

ನಾಲ್ಕನೆಯದೇ ನಿಜವಾದ ಪ್ರಶ್ನೆ. ರೆಕ್ಕೆ ಮುಂಡದ ಉದ್ದಕ್ಕೂ ಇದೆ. ಅವಸರದಲ್ಲಿ ಕಟಲ್‌ಫಿಶ್ ಎನ್ನಬಹುದು. ಆದರೆ ರೆಕ್ಕೆ ಅಗಲವಾಗಿದೆ, ಹಿಂಭಾಗದಲ್ಲಿ ಇನ್ನಷ್ಟು ಅಗಲವಾಗಿದೆ. ಬಾಲದ ತುದಿ ಮಾತ್ರ ಮಂಜುಗಡ್ಡೆಯಡಿ ಮುಚ್ಚಿರುವುದರಿಂದ ರೆಕ್ಕೆಗಳು ಕೂಡಿವೆಯೋ ಇಲ್ಲವೋ ತಿಳಿಯದು. ಇಲ್ಲಿ ಊಹೆಯ ಮೇಲೆ ಉತ್ತರ ಕೊಡಬಾರದು. ವ್ಯಾಪಾರಿಗೆ ಕರೆ ಮಾಡಿ, ಬೆನ್ನಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಲು ಕೇಳಬೇಕು. ಹಲಗೆಯಂತೆ ಗಟ್ಟಿಯಾಗಿದ್ದರೆ ಕಟಲ್‌ಫಿಶ್. ಒತ್ತಿದಲ್ಲಿ ತಗ್ಗಿ ಮತ್ತೆ ಮೇಲೇಳುವಂತಿದ್ದರೆ ಸ್ಕ್ವಿಡ್. ಬಾಲದ ಭಾಗದ ಮತ್ತೊಂದು ಚಿತ್ರವನ್ನೂ ತರಿಸಿಕೊಳ್ಳಬೇಕು.

ಹೀಗೆ ‘ಒಂದೇ ದರ’ ಎಂದ ತಟ್ಟೆಯಲ್ಲಿ ಕನಿಷ್ಠ ಮೂರು ಬಗೆಯ ಸರಕು ಇರುವುದು ಸ್ಪಷ್ಟವಾಗುತ್ತದೆ. ಗುಂಪಿನವರು ಬಗೆಬಗೆಯನ್ನು ಬೇರ್ಪಡಿಸಿ ತೂಗಲು ಮತ್ತು ಪ್ರತಿಯೊಂದಕ್ಕೂ ದರ ಹೇಳಲು ಕೇಳಬಹುದು.

ಚಿತ್ರವನ್ನು ತೆಗೆಯುವ ವಿಧಾನ

ಗುರುತಿಸಲಾಗದ ಚಿತ್ರಗಳಲ್ಲಿ ಹೆಚ್ಚಿನವು ಸರಿಯಾಗಿ ತೆಗೆಯದ ಚಿತ್ರಗಳು. ಮೊದಲು ಪ್ರಾಣಿಯ ಮೇಲಿನ ಮಸಿ ಮತ್ತು ಲೋಳೆಯನ್ನು ತಣ್ಣನೆಯ ಶುದ್ಧ ನೀರಿನಿಂದ ಬೇಗನೆ ತೊಳೆಯಬೇಕು. ಒಂದು ಕಟಲ್‌ಫಿಶ್‌ನ ಮಸಿ ಸೋರಿದರೆ ತಟ್ಟೆಯಲ್ಲಿರುವ ಎಲ್ಲವೂ ಕಪ್ಪಾಗಿ ಅಂಚುಗಳು ಮರೆಯಾಗುತ್ತವೆ. ಅನಂತರ ಒಂದೊಂದನ್ನೂ ಬೇರೆಯಾಗಿ, ಬೆನ್ನು ಮೇಲಾಗಿ ಮಲಗಿಸಿ, ಮುಂಡದಡಿಗೆ ಮಡಚಿದ ರೆಕ್ಕೆಯನ್ನು ಬೆರಳಿನಿಂದ ಹೊರಕ್ಕೆ ಬಿಡಿಸಬೇಕು. ಪಕ್ಕದಲ್ಲಿ ಅಳತೆಪಟ್ಟಿಯನ್ನು ಇಡಬೇಕು. ಅಳತೆಯಿಲ್ಲದ ಚಿತ್ರದಲ್ಲಿ ಅಂಗೈಯಗಲದ ಕಟಲ್‌ಫಿಶ್ ಮತ್ತು ಮೊಣಕೈ ಉದ್ದದ ಕಟಲ್‌ಫಿಶ್ ಒಂದೇ ರೀತಿ ಕಾಣುತ್ತವೆ. ನೇರ ಮೇಲಿನಿಂದ ಒಂದು, ಬಾಲದ ತುದಿಯದೊಂದು, ತೋಳುಗಳನ್ನು ಹರಡಿದ್ದೊಂದು, ಹೀಗೆ ಮೂರು ಚಿತ್ರಗಳಿದ್ದರೆ ಸಾಕು.

ಮಿತಿಗಳು ಮತ್ತು ಎಚ್ಚರಿಕೆ

ಬಣ್ಣವನ್ನು ನಂಬಿ ಹೆಸರು ಹೇಳಬಾರದು. ಈ ಪ್ರಾಣಿಗಳ ಚರ್ಮದಲ್ಲಿ ಹಿಗ್ಗಿ ಕುಗ್ಗುವ ಬಣ್ಣದ ಚೀಲಗಳಿದ್ದು, ಸತ್ತ ನಂತರವೂ ಕೆಲವು ಕಾಲ ಬಣ್ಣ ಬದಲಾಗುತ್ತಿರುತ್ತದೆ. ಬಲೆಯಲ್ಲಿ ಉಜ್ಜಿ ಚರ್ಮ ಸುಲಿದರೆ ಮೂರೂ ಬಿಳಿಯಾಗಿಯೇ ಕಾಣುತ್ತವೆ. ಸ್ಕ್ವಿಡ್‌ನ ಬಿಳಿಯ ಮಾಂಸ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಜಾತಿಯ ಲಕ್ಷಣವಲ್ಲ, ಹಳತಾಗಿರುವುದರ ಸೂಚನೆ.

ಚರ್ಮ, ರೆಕ್ಕೆ ಮತ್ತು ತಲೆಗಳನ್ನು ತೆಗೆದು ಶುಚಿಗೊಳಿಸಿದ ಮಾಂಸದಲ್ಲಿ ಈ ಕ್ರಮವು ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಸೀಳದ ಕೊಳವೆಯಿದ್ದರೆ ಸ್ಕ್ವಿಡ್ ಎನ್ನಬಹುದು. ಚೌಕಾಕಾರದ ಬಿಳಿ ತುಂಡುಗಳನ್ನು ಮಾತ್ರ ತೋರಿಸಿ ಹೆಸರು ಕೇಳಿದರೆ ಚಿತ್ರದಿಂದ ಉತ್ತರಿಸುವುದು ಸರಿಯಲ್ಲ. ಅಂತೆಯೇ ಪ್ರಭೇದವನ್ನು ನಿಖರವಾಗಿ ಹೇಳಲು ಒಳಚಿಪ್ಪು, ಹೀರುಬಟ್ಟಲುಗಳ ಉಂಗುರ ಮೊದಲಾದವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬೇಕಾಗುತ್ತದೆ. ಅಂತಹ ಅಗತ್ಯವಿದ್ದಲ್ಲಿ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಮೀನುಗಾರಿಕೆ ತಜ್ಞರಿಗೆ ತೋರಿಸಬೇಕು.

ಕೊನೆಯದಾಗಿ ಸುರಕ್ಷತೆಯ ಒಂದು ಮಾತು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಪ್ರದೇಶದಲ್ಲಿ ನೀಲಿ ಉಂಗುರದ ಅಷ್ಟಪದಿ ಎಂಬ ಚಿಕ್ಕ ಪ್ರಾಣಿಯಿದೆ. ಅದರ ಕಡಿತ ಪ್ರಾಣಾಂತಿಕವಾಗಬಲ್ಲದು. ದೇಹದಲ್ಲಿರುವ ವಿಷವು ಬೇಯಿಸುವುದರಿಂದ ನಾಶವಾಗುವುದಿಲ್ಲ. ಮಾರುಕಟ್ಟೆಗೆ ಬರುವ ಕೆಲವು ನಿರುಪದ್ರವಿ ಅಷ್ಟಪದಿಗಳಲ್ಲಿಯೂ ಕಣ್ಣಿನ ಕೆಳಗೆ, ತೋಳಿನ ಬುಡದ ಬಳಿ, ಪ್ರತಿ ಬದಿಗೆ ಒಂದರಂತೆ ಉಂಗುರದ ಗುರುತು ಇರುತ್ತದೆ. ಆದರೆ ಬೆರಳುದ್ದದ ಚಿಕ್ಕ ಅಷ್ಟಪದಿಯ ಮೈ ಮತ್ತು ತೋಳುಗಳ ಮೇಲೆ ಅನೇಕ ನೀಲಿ ಉಂಗುರಗಳು ಕಂಡರೆ ಅದನ್ನು ಬರಿಗೈಯಿಂದ ಮುಟ್ಟಬಾರದು, ತಿನ್ನಬಾರದು, ಮಾರಬಾರದು. ಸತ್ತ ಪ್ರಾಣಿಯಲ್ಲಿ ನೀಲಿ ಬಣ್ಣ ಮಸುಕಾಗುವುದರಿಂದ ಚಿತ್ರ ನೋಡಿ ‘ಅಪಾಯವಿಲ್ಲ’ ಎಂದು ಭರವಸೆ ನೀಡುವುದೂ ತಪ್ಪು.

ಸಾರಾಂಶ

ಮುಂಡ ಮೆತ್ತನೆಯ ಚೀಲವಾಗಿದ್ದು ರೆಕ್ಕೆಯಿಲ್ಲದೆ ತೋಳುಗಳೇ ಉದ್ದವಾಗಿದ್ದರೆ ಅಷ್ಟಪದಿ. ಮುಂಡ ಚೂಪಾಗುವ ಕೊಳವೆಯಾಗಿದ್ದು ರೆಕ್ಕೆಗಳು ಬಾಲದಲ್ಲಿ ಕೂಡಿಕೊಂಡಿದ್ದರೆ ಸ್ಕ್ವಿಡ್. ಮುಂಡ ಅಗಲವಾಗಿ ಬೆನ್ನು ಗಟ್ಟಿಯಾಗಿದ್ದು, ಎರಡೂ ಬದಿಯಲ್ಲಿ ಕಿರಿದಾದ ರೆಕ್ಕೆಪಟ್ಟಿ ಸಾಗಿ ಬಾಲದಲ್ಲಿ ಅಂತರ ಉಳಿದಿದ್ದರೆ ಕಟಲ್‌ಫಿಶ್. ಮೂರರಲ್ಲಿ ಯಾವುದೆಂದು ಚಿತ್ರದಿಂದ ತಿಳಿಯದಿದ್ದರೆ ಬೆನ್ನನ್ನು ಒತ್ತಿ ನೋಡಿಸಿದ ನಂತರವೇ ದರ ಒಪ್ಪಿಕೊಳ್ಳುವುದು ಸೂಕ್ತ.